ಒಂದೇ ತಳದಿಂದ ಹೊರಟ ಗೆರೆ

ನಮಸ್ಕಾರ ಕೇಳುಗರೇ. ಬೆಲೆಯ ಚಾರ್ಟ್ ನೋಡುವವರು ಸಾಮಾನ್ಯವಾಗಿ ಬೆಲೆ ಇಳಿದು ಮತ್ತೆ ಏರತೊಡಗಿದ ಎರಡು ತಳಗಳನ್ನು ಸೇರಿಸಿ ಟ್ರೆಂಡ್‌ಲೈನ್ ಎಳೆಯುತ್ತಾರೆ. ಅಮೆರಿಕದ ಡಬ್ಲ್ಯೂ. ಡಿ. ಗ್ಯಾನ್ ಅವರಿಗೆ ಒಂದೇ ತಳ ಸಾಕಿತ್ತು. 1878ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದ ಅವರು ಹತ್ತಿ, ಗೋಧಿಯ ವಾಯಿದೆ ವ್ಯಾಪಾರ ಮಾಡುತ್ತಿದ್ದರು. ಗೆರೆ ಎಷ್ಟು ಓರೆ ಇರಬೇಕು ಅನ್ನೋದನ್ನು ಅವರು ಮೊದಲೇ ಗೊತ್ತು ಮಾಡಿಕೊಳ್ಳುತ್ತಿದ್ದರು. ಒಂದು ದಿನಕ್ಕೆ ಬೆಲೆಯ ಒಂದು ಅಳತೆ ಏರಿದರೆ ಅದು ಒಂದಕ್ಕೊಂದು ಗೆರೆ. ಎರಡೂ ಕಡೆ ಚೌಕ ಸಮನಾಗಿರುವ ಗ್ರಾಫ್ ಹಾಳೆಯಲ್ಲಿ ಅದು 45 ಡಿಗ್ರಿ.

ಒಂದು ಊಹೆಯ ಲೆಕ್ಕ ನೋಡೋಣ. ಗೋಧಿ 240 ಸೆಂಟ್‌ನಲ್ಲಿ ತಳ ಕಂಡಿತು. ದಿನಕ್ಕೆ ಒಂದು ಸೆಂಟ್ ಎಂದು ಅಳತೆ ಇಟ್ಟುಕೊಳ್ಳೋಣ. 40ನೇ ವಹಿವಾಟಿನ ದಿನ ಗೆರೆ 280ರಲ್ಲಿದೆ. ಬೆಲೆ 300. ಅಂದರೆ ಬೆಲೆ ಕಾಲಕ್ಕಿಂತ ಮುಂದಿದೆ. ಆಮೇಲೆ ಬೆಲೆ ಬೀಳುವುದಿಲ್ಲ, ಸುಮ್ನೆ 295ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಗೆರೆ ಮಾತ್ರ ದಿನಾ ಏರುತ್ತಲೇ ಇರುತ್ತದೆ. 60ನೇ ದಿನ ಅದು 300 ಮುಟ್ಟುತ್ತದೆ. ತಳದಿಂದ 300ರವರೆಗೆ ಏರಿದ್ದು 60 ಸೆಂಟ್, ಕಳೆದದ್ದು 60 ದಿನ. ಗ್ಯಾನ್ ಹೇಳುವ ಬೆಲೆ-ಕಾಲದ ಸಮತೋಲ ಇದೇ. ಬೆಲೆ ಹೆಚ್ಚೇನೂ ಇಳಿಯದೆ ಗೆರೆಯ ಕೆಳಗೆ ಬಂದುಬಿಟ್ಟಿತು, ಅಲ್ವಾ? ನನಗೆ ಈ ಪದ್ಧತಿಯಲ್ಲಿ ತುಂಬಾ ಹಿಡಿಸಿದ್ದು ಇದೇ. ಸುಮ್ಮನೆ ನಿಂತ ಬೆಲೆಯೂ ಬಲ ಕಳೆದುಕೊಳ್ಳುತ್ತಿದೆ ಎಂದು ಇಲ್ಲಿ ಅಂಕಿಯಲ್ಲೇ ಕಾಣುತ್ತದೆ. ಈ ಗೆರೆ ಮುರಿದರೆ ಮುಂದಿನ ಆಸರೆ ದಿನಕ್ಕೆ ಅರ್ಧ ಸೆಂಟ್ ಏರುವ ಗೆರೆ ಅನ್ನುತ್ತಾರೆ. 60ನೇ ದಿನ ಅದು 270ರಲ್ಲಿರುತ್ತದೆ.

ಕಂಪ್ಯೂಟರ್ ಪರದೆಯಲ್ಲಿ ಒಂದು ತೊಂದರೆ ಇದೆ. ಚಾರ್ಟನ್ನು ಎಳೆದು ಅಗಲ ಮಾಡಿದರೆ ಅದೇ ಗೆರೆ ಮಲಗುತ್ತದೆ, ಕುಗ್ಗಿಸಿದರೆ ನೆಟ್ಟಗಾಗುತ್ತದೆ. ಆದ್ದರಿಂದ ಡಿಗ್ರಿ ನೋಡಿ ಎಳೆಯಬೇಡಿ. ತಳದ ದಿನ 240, 60ನೇ ದಿನ 300 ಎಂದು ಎರಡು ಬಿಂದು ಲೆಕ್ಕ ಹಾಕಿ ಸೇರಿಸಿ. ಬೆಲೆಯನ್ನು ಶೇಕಡಾವಾರು ಅಂತರದಲ್ಲಿ ತೋರಿಸುವ ಲಾಗ್ ಸ್ಕೇಲ್ ಬೇಡ, ಅಲ್ಲಿ ಈ ಗೆರೆ ಬಾಗುತ್ತದೆ. ಇನ್ನೊಂದು ಮಾತು: ತಳ ಅನ್ನೋದು ಅದೇ ದಿನ ಗೊತ್ತಾಗುವುದಿಲ್ಲ. ಮುಂದಿನ ಕೆಲವು ದಿನಗಳ ಕನಿಷ್ಠ ಬೆಲೆ ಅದಕ್ಕಿಂತ ಮೇಲೆ ನಿಂತ ಮೇಲಷ್ಟೇ ಅದು ತಳ.

ದೊಡ್ಡ ಕಷ್ಟ ಇರುವುದು ಅಳತೆಯ ಆಯ್ಕೆಯಲ್ಲಿ. ನಿಫ್ಟಿಯಂಥ ಸೂಚ್ಯಂಕಕ್ಕೆ ದಿನಕ್ಕೆ ಒಂದು ಅಂಕ ಇಟ್ಟರೆ ಗೆರೆ ಹೆಚ್ಚುಕಡಿಮೆ ನೆಲಕ್ಕೆ ಅಂಟಿರುತ್ತದೆ. ನಮ್ಮ ಗೋಧಿಗೇ ದಿನಕ್ಕೆ ಎರಡು ಸೆಂಟ್ ಇಟ್ಟಿದ್ದರೆ, 40ನೇ ದಿನ ಗೆರೆ 320ರಲ್ಲಿರುತ್ತಿತ್ತು. ಆಗ ಅದೇ 300 ದುರ್ಬಲ ಬೆಲೆ! ಆಮೇಲೆ ಅಳತೆ ಬದಲಿಸುತ್ತಾ ಹೋದರೆ ಯಾವ ಚಾರ್ಟಿಗೂ ಗೆರೆ ಹೊಂದಿಸಬಹುದು. ಹಾಗಾಗಿ ಹಳೆಯ ಏರಿಳಿತಗಳನ್ನು ನೋಡಿ ಅಳತೆಯನ್ನು ಮೊದಲೇ ಬರೆದಿಡಿ. ನಂತರ ಹೊಸ ತಳಗಳಿಂದ 0.8, 1 ಮತ್ತು 1.2 ಸೆಂಟ್‌ನ ಗೆರೆಗಳನ್ನು ಎಳೆದು ನೋಡಿ. ಬೆಲೆ ಮೂರರಿಂದಲೂ ಅಷ್ಟೇ ಸಲ ಪುಟಿದೆದ್ದಿದ್ದರೆ, ನೀವು ಆರಿಸಿದ ಆ ಒಂದು ಸೆಂಟ್‌ಗೆ ವಿಶೇಷ ಬಲವೇನೂ ಇಲ್ಲ.