ರಾತ್ರಿ ಬಂದ ಮೆಸೇಜು ಬೆಳಿಗ್ಗೆ ಕಾಣಲಿ
(ಶಿರಸಿಯಲ್ಲಿ, ಮನೆಯಿಂದ ಕೆಲಸ ಮಾಡುವವರ ಕೂಟದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಬಹಳಷ್ಟು ಜನ ಬೆಂಗಳೂರಿನ ಕಂಪನಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಯಿಂದಲೇ ಕೆಲಸ ಮಾಡುವವರು. ಕಾರವಾರದಿಂದಲೂ ಕೆಲವರು ಘಟ್ಟ ಹತ್ತಿ ಬಂದಿದ್ದೀರಿ. ನಾನು ಇವತ್ತು ಮಾತಾಡುವುದು ಒಂದೇ ಒಂದು ಸೆಟ್ಟಿಂಗ್ ಬಗ್ಗೆ: ಆಫೀಸಿನ ಚಾಟ್ ಆ್ಯಪ್ ಸ್ಲ್ಯಾಕ್‌ನ ನೋಟಿಫಿಕೇಶನ್ ವೇಳಾಪಟ್ಟಿ. ಇಟ್ಟವರು ಬಹಳ ಮಂದಿ ಇದ್ದಾರೆ, ಆದರೂ ರಾತ್ರಿ ಫೋನು ಕೂಗುತ್ತದೆ ಅನ್ನುವವರೂ ಅಷ್ಟೇ ಮಂದಿ ಇದ್ದಾರೆ. ಯಾಕೆ ಕೂಗುತ್ತದೆ ಅನ್ನುವುದೇ ಇವತ್ತಿನ ವಿಷಯ.

ಇಡುವುದು ಸುಲಭ. Preferences ತೆರೆದು Notifications ಒಳಗೆ ಹೋದರೆ, ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಸದ್ದು ಬರಬಹುದು ಎಂದು ಕೇಳುತ್ತದೆ. ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9ರಿಂದ ಸಂಜೆ 7 ಎಂದು ಇಟ್ಟರೆ ಉಳಿದ ಹೊತ್ತು ಗಂಟೆ ಬಾರಿಸುವುದಿಲ್ಲ. ಇಲ್ಲಿ ಒಂದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಮೆಸೇಜು ಎಲ್ಲೂ ತಡೆದು ನಿಲ್ಲುವುದಿಲ್ಲ. ಅದು ಕಳಿಸಿದ ಕ್ಷಣವೇ ಬಂದು ಚಾಟ್‌ನಲ್ಲಿ ಕೂರುತ್ತದೆ, ಆ್ಯಪ್ ತೆರೆದರೆ ದಪ್ಪಕ್ಷರದಲ್ಲಿ ಕಾಣುತ್ತದೆ. ನಿಲ್ಲುವುದು ಸದ್ದು ಮಾತ್ರ. ರಾತ್ರಿ ಊಟ ಮುಗಿಸಿ ‘ಸುಮ್ಮನೆ ಒಮ್ಮೆ ನೋಡುತ್ತೇನೆ’ ಎಂದು ಆ್ಯಪ್ ತೆರೆಯುವ ಅಭ್ಯಾಸ ಇದ್ದವರಿಗೆ ಯಾವ ವೇಳಾಪಟ್ಟಿಯಿಂದಲೂ ಉಪಯೋಗ ಇಲ್ಲ ಮಾರಾಯ್ರೆ.

ಈಗ ನನಗೆ ಗೊತ್ತಿರುವ ಒಂದು ಪ್ರಸಂಗ ಹೇಳುತ್ತೇನೆ. ಸಿದ್ದಾಪುರ ಕಡೆಯ ಒಬ್ಬ ಹುಡುಗಿ, ಕಂಪನಿ ಬೆಂಗಳೂರಿನದು, ಆದರೆ ಅವಳ ಖಾತೆ ತೆರೆದುಕೊಟ್ಟದ್ದು ಕ್ಯಾಲಿಫೋರ್ನಿಯಾದ ಆಫೀಸಿನವರು. ಅವಳು 9ರಿಂದ 7 ಎಂದು ಇಟ್ಟಳು. ಮರುದಿನ ಹಗಲಿಡೀ ಫೋನು ಸುಮ್ಮನೆ. ಟೀಮಿನವರು ‘ಎಷ್ಟು ಸಲ ಬರೆದರೂ ಉತ್ತರ ಇಲ್ಲವಲ್ಲ’ ಎಂದು ಫೋನ್ ಮಾಡಿ ಕೇಳಿದರು. ರಾತ್ರಿ ಒಂಬತ್ತೂವರೆಗೆ, ಬಾಳೆ ಹಾಕಿ ಎಲ್ಲರೂ ಊಟಕ್ಕೆ ಕೂತ ಹೊತ್ತಿಗೆ, ಟಣ್ ಟಣ್ ಶುರು. ಬೆಳಿಗ್ಗೆ ಏಳೂವರೆವರೆಗೂ ಅದೇ ಕಥೆ. ಅವಳಿಗೆ ಮೊದಲು ಅನುಮಾನ ಬಂದದ್ದು ಫೋನಿನ ಬ್ಯಾಟರಿ ಉಳಿತಾಯದ ಮೇಲೆ. ಅದನ್ನು ಆರಿಸಿದಳು, ಆ್ಯಪ್ ತೆಗೆದು ಮತ್ತೆ ಹಾಕಿದಳು. ಏನೂ ಬದಲಾಗಲಿಲ್ಲ.

ಲೆಕ್ಕ ಹಾಕಿ ನೋಡಿ. ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟುಕೊಳ್ಳುವ ಬೇಸಿಗೆಯ ತಿಂಗಳುಗಳಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 9 ಆದಾಗ ಇಲ್ಲಿ ರಾತ್ರಿ 9:30. ಅಲ್ಲಿ ಸಂಜೆ 7 ಆದಾಗ ಇಲ್ಲಿ ಬೆಳಿಗ್ಗೆ 7:30. ಅಂದರೆ ವೇಳಾಪಟ್ಟಿ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು, ಬೇರೆ ಊರಿನ ಗಡಿಯಾರ ನೋಡಿಕೊಂಡು! ಖಾತೆಯ ಸಮಯವಲಯ ಅಲ್ಲಿಯದೇ ಉಳಿದಿತ್ತು. ಪತ್ತೆ ಮಾಡುವುದು ಹೇಗೆ? ನಿಮ್ಮ ಪ್ರೊಫೈಲ್ ತೆರೆಯಿರಿ, ಅಲ್ಲಿ ನಿಮ್ಮ ಊರಿನ ಸಮಯ ಈಗ ಎಷ್ಟು ಎಂದು ಕಾಣುತ್ತದೆ. ಗೋಡೆ ಗಡಿಯಾರಕ್ಕೂ ಅದಕ್ಕೂ ತಾಳೆ ಆಗದಿದ್ದರೆ ಕಾರಣ ಸಿಕ್ಕಿತು. Preferences ಒಳಗೆ Language & region ಅಂತ ಇದೆ, ಅಲ್ಲಿ ಭಾರತದ ಸಮಯ ಆರಿಸಿದರೆ ಮುಗಿಯಿತು. ಇನ್ನೊಂದು ಗುರುತೂ ಇದೆ. ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಅದುವರೆಗೆ ಒಂಬತ್ತೂವರೆಗೆ ಶುರುವಾಗುತ್ತಿದ್ದ ಕಾಟ ಮಾರನೇ ದಿನದಿಂದ ಹತ್ತೂವರೆಗೆ ಸರಿದರೆ, ಬೇರೆ ಪುರಾವೆ ಬೇಡ.

ಎರಡು ಕಂಪನಿಗಳ ವರ್ಕ್‌ಸ್ಪೇಸ್ ಒಂದೇ ಫೋನಿನಲ್ಲಿ ಇಟ್ಟುಕೊಂಡವರು ಒಂದು ಮಾತು ಗಮನಿಸಿ: ವೇಳಾಪಟ್ಟಿ ಒಂದೊಂದಕ್ಕೂ ಬೇರೆ ಬೇರೆ. ಒಂದರಲ್ಲಿ ಇಟ್ಟರೆ ಇನ್ನೊಂದಕ್ಕೆ ತಾಗುವುದಿಲ್ಲ.

ಗಡಿಯಾರ ಸರಿ ಇದ್ದೂ ಕೆಲವೊಮ್ಮೆ ಸದ್ದು ಬರುತ್ತದೆ. ಅದಕ್ಕೆ ನಮ್ಮ ಮಳೆಗಾಲ ಕಾರಣ. ಸದ್ದು ಮಾಡಬೇಕೋ ಬೇಡವೋ ಎಂದು ತೀರ್ಮಾನ ಆಗುವುದು ನಿಮ್ಮ ಫೋನಿನಲ್ಲಿ ಅಲ್ಲ, ಸ್ಲ್ಯಾಕ್‌ನ ಸರ್ವರಿನಲ್ಲಿ, ಅದೂ ಮೆಸೇಜು ಬಂದ ಆ ಗಳಿಗೆಯಲ್ಲಿ. ಸಂಜೆ 6:50ಕ್ಕೆ ಯಾರೋ ಬರೆದರು ಅನ್ನಿ. 7ರ ಒಳಗೆ ಇದೆ, ಸರ್ವರ್ ‘ಆಗಲಿ’ ಎಂದು ಕಳಿಸಿಬಿಡುತ್ತದೆ. ಆದರೆ ನಿಮ್ಮಲ್ಲಿ ಐದಕ್ಕೇ ಕರೆಂಟು ಹೋಗಿ, ಟವರೂ ಮಲಗಿದೆ. ಆ ಸೂಚನೆ ಗೂಗಲ್‌ನವರ ಕಟ್ಟೆಯಲ್ಲಿ ಕಾಯುತ್ತದೆ. ರಾತ್ರಿ ಎರಡಕ್ಕೆ ಟವರ್ ಎದ್ದ ಕೂಡಲೇ ಫೋನಿಗೆ ಬಂದು ಟಣ್ ಅನ್ನಬಹುದು. ಇದನ್ನು ಸ್ಲ್ಯಾಕ್‌ನ ವೇಳಾಪಟ್ಟಿ ತಡೆಯಲಾರದು. ತಡೆಯಬೇಕೆಂದರೆ ಫೋನಿನ ಸ್ವಂತ Do Not Disturb ಬೇಕು, ಅದಕ್ಕೂ ಗಂಟೆ ಗೊತ್ತುಮಾಡಿ ಇಡಬಹುದು. ಶಿರಸಿಯ ಪೇಟೆಯಲ್ಲಿ ಇರುವವರಿಗೆ ಇದು ಅಪರೂಪ. ಘಟ್ಟದ ಒಳಗಿನ ಹಳ್ಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡೂ ಇರಲಿ.

ಫೋನಿನ Do Not Disturb ಎಂದ ಕೂಡಲೇ ಹಿರಿಯರು ಕೇಳುವ ಪ್ರಶ್ನೆ ಒಂದೇ: ‘ಮನೆಯವರಿಗೆ ಹುಷಾರಿಲ್ಲದೆ ಫೋನ್ ಮಾಡಿದರೆ?’ ಸರಿಯಾದ ಪ್ರಶ್ನೆ. ಆಂಡ್ರಾಯ್ಡ್‌ನಲ್ಲಿ ಆಯ್ದ ಹೆಸರುಗಳ ಕರೆಗೆ ದಾರಿ ಬಿಡಬಹುದು. ಜತೆಗೆ, ಒಬ್ಬರೇ ಹದಿನೈದು ನಿಮಿಷದೊಳಗೆ ಎರಡನೇ ಸಲ ಕರೆದರೆ ರಿಂಗ್ ಆಗಲಿ ಎಂಬ ಆಯ್ಕೆಯೂ ಇದೆ. ಅದನ್ನು ಹಾಕಿಡಿ. ಆಫೀಸಿನ ತುರ್ತಿಗೂ ಇದೇ ದಾರಿ ಒಳ್ಳೆಯದು. ‘ಸರ್ವರ್ ಬಿದ್ದರೆ ಚಾಟ್‌ನಲ್ಲಿ ಬರೆಯಬೇಡಿ, ಎರಡು ಸಲ ಫೋನ್ ಮಾಡಿ’ ಎಂದು ಟೀಮಿಗೆ ಬಾಯಿಬಿಟ್ಟು ಹೇಳಿಬಿಡಿ. ಹೇಳದಿದ್ದರೆ ಅವರು ಬರೆಯುತ್ತಾರೆ, ನೀವು ನೋಡಿಲ್ಲ ಎಂದು ಬೇಸರಿಸುತ್ತಾರೆ. ಸ್ಲ್ಯಾಕ್‌ನಲ್ಲಿ ನೇರ ಸಂದೇಶ ಕಳಿಸುವವರಿಗೆ ‘ಇವರು ಸೂಚನೆ ನಿಲ್ಲಿಸಿದ್ದಾರೆ, ಆದರೂ ತಿಳಿಸಬೇಕೆ?’ ಎಂದು ಕೇಳುವ ಕೊಂಡಿಯೂ ಇದೆ. ಅದನ್ನು ಒತ್ತಿದರೆ ಸ್ಲ್ಯಾಕ್‌ನ ವೇಳಾಪಟ್ಟಿ ಮೀರಿ ಸೂಚನೆ ಬರುತ್ತದೆ. ಪದೇ ಪದೇ ಒತ್ತುವ ಮ್ಯಾನೇಜರ್ ಇದ್ದರೆ ಅದು ಸೆಟ್ಟಿಂಗ್‌ನ ಸಮಸ್ಯೆ ಅಲ್ಲ, ಅವರ ಹತ್ತಿರವೇ ಮಾತಾಡಬೇಕು.

ಕಳಿಸುವ ಕಡೆಯಿಂದಲೂ ಒಂದು ಉಪಾಯ ಇದೆ. ಸ್ಲ್ಯಾಕ್‌ನಲ್ಲಿ ಕಳಿಸುವ ಗುಂಡಿಯ ಪಕ್ಕದ ಬಾಣ ಒತ್ತಿ, ಮೆಸೇಜು ಬೆಳಿಗ್ಗೆ ಹೋಗುವಂತೆ ಗೊತ್ತುಮಾಡಬಹುದು. ಆದರೆ ‘ನಾಳೆ ಬೆಳಿಗ್ಗೆ 9’ ಎಂದು ಕಂಡದ್ದು ಯಾರ ಊರಿನ 9 ಎಂದು ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದವರು ತಮ್ಮ 9ಕ್ಕೆ ಇಟ್ಟರೆ ನಿಮಗೆ ಮತ್ತೆ ಊಟದ ಹೊತ್ತು.

ವಾಟ್ಸಾಪಿನಲ್ಲಿ ಆಫೀಸಿನ ಗ್ರೂಪ್ ನಡೆಸುವವರೂ ಇಲ್ಲಿದ್ದೀರಿ, ಕಾರವಾರದ ಅಂಗಡಿ, ಬಂದರು ಕೆಲಸದವರು ಹೆಚ್ಚಾಗಿ. ಅದರಲ್ಲಿ ಹೊತ್ತಿನ ವೇಳಾಪಟ್ಟಿಯೇ ಇಲ್ಲ. ಮ್ಯೂಟ್‌ನಲ್ಲಿ 8 ಗಂಟೆ, ಒಂದು ವಾರ, ಯಾವಾಗಲೂ, ಇಷ್ಟೇ. ಸಂಜೆ 7ಕ್ಕೆ 8 ಗಂಟೆ ಎಂದು ಒತ್ತಿದರೆ ಅದು ರಾತ್ರಿ 3ಕ್ಕೆ ಮುಗಿಯುತ್ತದೆ, ಬೆಳಿಗ್ಗೆಗಲ್ಲ. ಆ ಗ್ರೂಪನ್ನು ಯಾವಾಗಲೂ ಮ್ಯೂಟ್‌ನಲ್ಲಿ ಇಟ್ಟು, ನೀವೇ ಒಂಬತ್ತಕ್ಕೆ ತೆರೆದು ನೋಡುವುದು ಮೇಲು. ಹೆಸರು ಹಿಡಿದು ಕರೆದರೆ ಆಗಲೂ ಸದ್ದು ಬರುತ್ತದೆ ಎಂಬುದು ನೆನಪಿರಲಿ.

ಇವತ್ತೇ ಪರೀಕ್ಷೆ ಮಾಡಿ. ನಿಮ್ಮ ವೇಳೆ ಮುಗಿದ ಐದು ನಿಮಿಷಕ್ಕೆ ಪರಿಚಯದ ಸಹೋದ್ಯೋಗಿಯಿಂದ ಒಂದು ಮೆಸೇಜು ಹಾಕಿಸಿ, ಫೋನು ಲಾಕ್ ಆಗಿರಲಿ, ಸ್ಕ್ರೀನು ಹೊತ್ತಿಕೊಳ್ಳಬಾರದು. ನಾಳೆ ಬೆಳಿಗ್ಗೆ ಒಂಬತ್ತೂ ಐದಕ್ಕೆ ಇನ್ನೊಂದು ಹಾಕಿಸಿ, ಆಗ ಸದ್ದು ಬರಲೇಬೇಕು. ಎರಡನೆಯದನ್ನು ಯಾರೂ ಮಾಡುವುದಿಲ್ಲ, ಬೈಸಿಕೊಳ್ಳುವುದು ಮಾತ್ರ ಅದರಿಂದಲೇ. ಪ್ರಶ್ನೆ ಇದ್ದರೆ ಕೇಳಿ, ಫೋನು ತಂದವರು ಮುಂದೆ ಬನ್ನಿ, ಸಮಯವಲಯ ಒಟ್ಟಿಗೇ ನೋಡೋಣ.