ಅಸಲು ಹುಟ್ಟೋಕೆ ಎಷ್ಟು ತಿಂಗಳು?

ನಮಸ್ಕಾರ. ಇವತ್ತು ಒಂದೇ ಒಂದು ಲೆಕ್ಕ ಮಾಡೋಣ. ಕೊಡಗಿನ ಕಾಫಿ ಬೆಳೆಗಾರರಿಗೆ ಅಂತಲೇ ಒಂದು ಆ್ಯಪ್ ಇದೆ ಅಂತ ಇಟ್ಟುಕೊಳ್ಳಿ. ಊರಿನ ಮಟ್ಟದ ಮಳೆ ಮುನ್ಸೂಚನೆ, 50 ಕೆ.ಜಿ. ಚೀಲದ ದರ, ಯಾವಾಗ ಬೋರ್ಡೋ ದ್ರಾವಣ ಹೊಡೀಬೇಕು ಅನ್ನೋ ಸಲಹೆ, ಇಷ್ಟು ಕೊಡುತ್ತೆ. ತಿಂಗಳಿಗೆ 199 ರೂಪಾಯಿ. ಮಾಡಿದವರು ಜಾಹೀರಾತಿಗೆ ತಿಂಗಳಿಗೆ 3 ಲಕ್ಷ ಹಾಕ್ತಾರೆ, 500 ಜನ ಹೊಸಬರು ದುಡ್ಡು ಕಟ್ಟಿ ಸೇರ್ತಾರೆ. ಒಬ್ಬರನ್ನು ತರೋಕೆ 600 ರೂಪಾಯಿ ಆಯ್ತು. ಇದನ್ನೇ ಆ್ಯಪ್ ವ್ಯವಹಾರದಲ್ಲಿ ಕ್ಯಾಕ್ ಅಂತಾರೆ, ಗ್ರಾಹಕರನ್ನು ಗಳಿಸೋ ವೆಚ್ಚ. ಆ 600 ವಾಪಸ್ ಬರೋಕೆ ಹಿಡಿಯೋ ಕಾಲವೇ ಪೇಬ್ಯಾಕ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಅಸಲು ಹುಟ್ಟೋಕೆ ಎಷ್ಟು ತಿಂಗಳು ಬೇಕು ಅನ್ನೋದು.

600ನ್ನು 199ರಿಂದ ಭಾಗಿಸಿ, ಮೂರೇ ತಿಂಗಳು ಅಂತ ಹೂಡಿಕೆದಾರರ ಮುಂದೆ ಇಡೋರು ಇದ್ದಾರೆ. ಇದು ತಪ್ಪು. 199 ನಿಮ್ಮ ಕೈಗೆ ಬರೋ ದುಡ್ಡಲ್ಲ. ಅದರೊಳಗೆ 18 ಪರ್ಸೆಂಟ್ ಜಿಎಸ್‌ಟಿ ಇದೆ, ಸುಮಾರು 30 ರೂಪಾಯಿ. ಉಳಿದ 169ರಲ್ಲಿ ಪ್ಲೇ ಸ್ಟೋರಿನ 15 ಪರ್ಸೆಂಟ್ ಅಂತ 25 ತೆಗೆಯಿರಿ, 144 ಉಳಿಯಿತು. ಹವಾಮಾನದ ಡೇಟಾ, ಸರ್ವರ್, ಎಸ್‌ಎಂಎಸ್, ಸಹಾಯವಾಣಿಯಲ್ಲಿ ಕೂತು ಫೋನ್ ಎತ್ತೋರ ಸಂಬಳ, ಇವೆಲ್ಲ ಸೇರಿ ಒಬ್ಬ ಚಂದಾದಾರರಿಗೆ ತಿಂಗಳಿಗೆ 24 ಅಂತ ಹಿಡಿಯೋಣ. ನಿಜವಾಗಿ ಉಳಿಯೋದು 120 ರೂಪಾಯಿ. 600ನ್ನು 120ರಿಂದ ಭಾಗಿಸಿದ್ರೆ ಐದು ತಿಂಗಳು.

ಐದು ತಿಂಗಳು ಅಂದ್ರೆ ಚೆನ್ನಾಗೇ ಇದೆ ಅನ್ನಿಸುತ್ತೆ. ಆದ್ರೆ ಈ ಭಾಗಾಕಾರದೊಳಗೆ ಒಂದು ನಂಬಿಕೆ ಅಡಗಿದೆ: ಸೇರಿದ ಪ್ರತಿಯೊಬ್ಬರೂ ಐದು ತಿಂಗಳು ಇರ್ತಾರೆ ಅಂತ. ಯಾವ ಚಂದಾ ಆ್ಯಪ್‌ನಲ್ಲೂ ಹಾಗಾಗೋದಿಲ್ಲ. ಮೊದಲ ತಿಂಗಳು 100 ಜನ ಕಟ್ಟಿದ್ರೆ ಎರಡನೇ ತಿಂಗಳು 75 ಜನ ಕಟ್ಟಿದ್ರು ಅಂತ ಇಟ್ಟುಕೊಳ್ಳಿ. ಆಮೇಲೆ 62, 54, 48, 44, 41, 39, 37. ಮೊದಲು ರಭಸವಾಗಿ ಇಳಿದು, ಆಮೇಲೆ ಇಳಿಜಾರು ಮೆತ್ತಗಾಗೋದು ಇಂಥ ಆ್ಯಪ್‌ಗಳ ಸಾಮಾನ್ಯ ರೂಪ. ಆ 100 ಜನರನ್ನು ತರೋಕೆ 60,000 ಹೋಗಿದೆ. ಒಂದು ಕಂತಿಗೆ 120 ಬರೋದಾದ್ರೆ, 60,000 ವಾಪಸ್ ಬರೋಕೆ ಒಟ್ಟು 500 ಕಂತು ಬೇಕು. ಮೇಲಿನ ಸಂಖ್ಯೆಗಳನ್ನು ಕೂಡುತ್ತಾ ಹೋಗಿ. ಐದನೇ ತಿಂಗಳಿಗೆ 339 ಮಾತ್ರ. 500 ಆಗೋದು ಒಂಬತ್ತನೇ ತಿಂಗಳಿಗೆ.

ಐದು ಒಂಬತ್ತಾಯ್ತು. ವ್ಯತ್ಯಾಸ ಬರೀ ನಾಲ್ಕು ತಿಂಗಳು ಅಂತ ಬಿಡಬೇಡಿ, ಯಾಕಂದ್ರೆ ಇದೇ ಖರ್ಚನ್ನು ಪ್ರತಿ ತಿಂಗಳೂ ಮಾಡ್ತಾ ಇದ್ದೀರಿ. ಯಾರೂ ಬಿಟ್ಟುಹೋಗದೆ ಐದು ತಿಂಗಳಿಗೆ ಅಸಲು ಹುಟ್ಟೋದಾಗಿದ್ರೆ, ಬರೋ ದುಡ್ಡು ಖರ್ಚಿಗೆ ಸರಿಸಮ ಆಗೋ ಹೊತ್ತಿಗೆ ನಿಮ್ಮ ಕೈಯಿಂದ 6 ಲಕ್ಷ ಹೋಗಿರುತ್ತೆ. ಒಂಬತ್ತು ತಿಂಗಳಾದ್ರೆ 9.5 ಲಕ್ಷ. 6 ಲಕ್ಷ ಸಾಕು ಅಂತ ಬ್ಯಾಂಕಿನಲ್ಲಿ ಇಟ್ಟುಕೊಂಡು ಶುರು ಮಾಡಿದವರ ದುಡ್ಡು ಮೂರನೇ ತಿಂಗಳ ಕೊನೆಗೇ ಹೆಚ್ಚುಕಡಿಮೆ ಪೂರ್ತಿ ಖಾಲಿ. ಅದರ ಮೇಲೆ ಪ್ಲೇ ಸ್ಟೋರ್ ಈ ತಿಂಗಳ ವಸೂಲಿಯನ್ನು ಕೊಡೋದು ಮುಂದಿನ ತಿಂಗಳ 15ರ ಹೊತ್ತಿಗೆ, ಆದ್ದರಿಂದ ಇನ್ನೊಂದು 3 ಲಕ್ಷ ಸೇರಿಸಿಕೊಳ್ಳಿ. ಆ್ಯಪ್ ಚೆನ್ನಾಗಿದೆ, ಬಳಸೋರು ಹೊಗಳ್ತಾರೆ, ಆದ್ರೂ ಸಂಬಳ ಕೊಡೋಕೆ ದುಡ್ಡಿಲ್ಲ ಅನ್ನೋ ಪರಿಸ್ಥಿತಿ ಹುಟ್ಟೋದು ಇಲ್ಲೇ. ಪೇಬ್ಯಾಕ್ ಹೇಳೋದು ಒಟ್ಟು ಲಾಭವನ್ನಲ್ಲ, ನಿಮ್ಮ ದುಡ್ಡು ಎಷ್ಟು ಕಾಲ ಹೊರಗೆ ಸಿಕ್ಕಿಹಾಕಿಕೊಂಡಿರುತ್ತೆ ಅನ್ನೋದನ್ನ. ರೋಬಸ್ಟಾ ಗಿಡ ನೆಟ್ಟು ಫಸಲಿಗೆ ವರ್ಷಗಟ್ಟಲೆ ಕಾಯೋ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಇದಕ್ಕಿಂತ ದೊಡ್ಡ ತಪ್ಪಿಗೆ ಬರೋಣ. ಆ 500 ಜನರಲ್ಲಿ ಎಲ್ಲರೂ ಜಾಹೀರಾತು ನೋಡಿ ಬಂದವರಲ್ಲ. ನಾಪೋಕ್ಲುವಿನಲ್ಲಿ ಒಬ್ಬರು ಪಕ್ಕದ ತೋಟದವರಿಗೆ ಹೇಳಿದ್ರು, ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಹಾಕಿದ್ರು, ಹೀಗೆ 200 ಜನ ಬಂದಿದ್ದಾರೆ. ಅವರಿಗೆ ಜಾಹೀರಾತಿನ ಖರ್ಚೇ ಇಲ್ಲ. ಅಂದ ಮೇಲೆ 3 ಲಕ್ಷ ಕೊಟ್ಟು ತಂದದ್ದು 300 ಜನರನ್ನ, ತಲೆಗೆ 1,000 ರೂಪಾಯಿ. ಮೊದಲಿನ ಅದೇ ಇಳಿಜಾರಿನಲ್ಲಿ, ಒಂಬತ್ತನೇ ತಿಂಗಳ ನಂತರ ತಿಂಗಳಿಗೆ ಒಬ್ಬೊಬ್ಬರೇ ಕಡಿಮೆಯಾಗ್ತಾರೆ ಅಂತ ಹಿಡಿದ್ರೂ, ಇವರ ಅಸಲು ಹುಟ್ಟೋದು ಇಪ್ಪತ್ತನೇ ತಿಂಗಳಿಗೆ. ಜಾಹೀರಾತು ನೋಡಿ ಬಂದವರು ನೆರೆಯವರ ಮಾತು ಕೇಳಿ ಬಂದವರಿಗಿಂತ ಸಾಮಾನ್ಯವಾಗಿ ಬೇಗ ಬಿಡ್ತಾರೆ. ಹಾಗಾಗಿ ಇಪ್ಪತ್ತು ಅನ್ನೋದೂ ಉದಾರವಾದ ಲೆಕ್ಕ.

ಇಷ್ಟಾದ ಮೇಲೆ ಬೆಳವಣಿಗೆ ಸಾಲದು, ಬಜೆಟ್ ದುಪ್ಪಟ್ಟು ಮಾಡೋಣ ಅಂತ ತೀರ್ಮಾನ ಆಗುತ್ತೆ. 3 ಲಕ್ಷ 6 ಲಕ್ಷ ಆಯ್ತು. ಆದ್ರೆ ಕೊಡಗು ಸಣ್ಣ ಜಿಲ್ಲೆ. ಹೊಸ ಬೆಳೆಗಾರರು ಹುಟ್ಟಿ ಬರೋದಿಲ್ಲ, ಅದೇ ಜನರ ಫೋನಿಗೆ ಅದೇ ಜಾಹೀರಾತು ಮತ್ತೆ ಮತ್ತೆ ಹೋಗುತ್ತೆ. ಮೊದಲು ಆಸಕ್ತಿ ಇದ್ದವರು ಸೇರಿಯಾಗಿದೆ, ಈಗ ಉಳಿದಿರೋರು ಬೇಡ ಅಂದವರು. ಹಾಗಾಗಿ 300 ಇದ್ದದ್ದು 600 ಆಗಲಿಲ್ಲ, 420 ಆಯ್ತು ಅಂತ ಇಟ್ಟುಕೊಳ್ಳಿ. ತಿಂಗಳ ವರದಿ ಏನು ಹೇಳುತ್ತೆ? ಸುಮ್ಮನೆ ಬಂದ 200 ಸೇರಿ 620 ಜನ, 6 ಲಕ್ಷ, ತಲೆಗೆ 968, ಅದನ್ನು 120ರಿಂದ ಭಾಗಿಸಿದ್ರೆ ಎಂಟು ತಿಂಗಳು. ವರ್ಷದೊಳಗೇ ಇದೆಯಲ್ಲ ಅಂತ ಎಲ್ಲರೂ ನೆಮ್ಮದಿಯಿಂದ ಎದ್ದು ಹೋಗ್ತಾರೆ. ಆದ್ರೆ ಹೆಚ್ಚುವರಿ 3 ಲಕ್ಷ ತಂದದ್ದು 120 ಜನರನ್ನ ಮಾತ್ರ. ತಲೆಗೆ 2,500. ಇಂಥ 100 ಜನರಿಂದ ಅಸಲು ಹುಟ್ಟಬೇಕಾದ್ರೆ 2,083 ಕಂತು ಬೇಕು. ನಮ್ಮ ಇಳಿಜಾರಿನಲ್ಲಿ ಕೊನೆಯ ಒಬ್ಬರು ಬಿಡೋವರೆಗೆ ಕೂಡಿದ್ರೂ ಸಿಗೋದು 1,166. ಆ ದುಡ್ಡು ಎಂದೂ ವಾಪಸ್ ಬರೋದಿಲ್ಲ. ವರದಿ ಎಂಟು ತಿಂಗಳು ಅನ್ನುತ್ತೆ, ಕೊನೆಗೆ ಹಾಕಿದ ರೂಪಾಯಿ ಶಾಶ್ವತವಾಗಿ ಹೋಗಿದೆ. ನನ್ನ ಅಭಿಪ್ರಾಯದಲ್ಲಿ ಬಜೆಟ್ ಏರಿಸುವ ಸಭೆಯಲ್ಲಿ ಸರಾಸರಿ ಪೇಬ್ಯಾಕ್ ಇಡಲೇಬಾರದು. ಹೊಸದಾಗಿ ಸೇರಿಸಿದ ಖರ್ಚು, ಅದರಿಂದ ಹೊಸದಾಗಿ ಬಂದ ಜನ, ಇವೆರಡನ್ನೇ ಇಡಬೇಕು.

ವಾರ್ಷಿಕ ಚಂದಾ ಇದ್ದರೆ ಈ ತಪ್ಪು ಇನ್ನೂ ಸುಲಭವಾಗಿ ಮುಚ್ಚಿಹೋಗುತ್ತೆ. 1,499 ರೂಪಾಯಿಯ ವರ್ಷದ ಪ್ಲಾನ್‌ನಲ್ಲಿ ತೆರಿಗೆ, ಸ್ಟೋರಿನ ಪಾಲು ಕಳೆದು 1,080 ಒಮ್ಮೆಲೇ ಬರುತ್ತೆ. ಕ್ಯಾಕ್ 1,000 ಆದ್ರೂ ಮೊದಲ ವಸೂಲಿಯಲ್ಲೇ ಅಸಲು ಬಂತು ಅನ್ನಿಸುತ್ತೆ. ಆದ್ರೆ ಹನ್ನೆರಡು ತಿಂಗಳ ಸೇವೆಯ ಖರ್ಚು 288 ಇನ್ನೂ ಬಾಕಿ ಇದೆ. ಅದನ್ನು ಕಳೆದ್ರೆ ಉಳಿಯೋದು 792, ಅಂದ್ರೆ ಅಸಲು ಹುಟ್ಟೋದು ಮುಂದಿನ ವರ್ಷ ನವೀಕರಿಸಿದರೆ ಮಾತ್ರ. ಕೊಯ್ಲು ಮುಗಿದು ಕಾಫಿ ಮಾರಿದ ಮೇಲೆ ಒಟ್ಟಿಗೆ ದುಡ್ಡು ನೋಡೋ ಬೆಳೆಗಾರರಿಗೆ ವರ್ಷದ ಪ್ಲಾನ್ ಒಪ್ಪುತ್ತೆ, ಅದನ್ನು ಇಡಲೇಬೇಕು. ಅದರ ಪೇಬ್ಯಾಕನ್ನು ಮಾತ್ರ ತಿಂಗಳ ಪ್ಲಾನ್ ಜೊತೆ ಬೆರೆಸಬೇಡಿ. ಹಾಗೆಯೇ ಜನವರಿಯಲ್ಲಿ ಸೇರಿದವರನ್ನು ಜೂನ್‌ನಲ್ಲಿ ಸೇರಿದವರ ಜೊತೆ ಕೂಡಬೇಡಿ. ದರ ನೋಡೋಕೆ ಬಂದವರು ಮಾರಾಟ ಮುಗಿದ ಮೇಲೆ ಬಿಡ್ತಾರೆ, ಮಳೆ ನೋಡೋಕೆ ಬಂದವರು ಮುಂಗಾರು ಮುಗಿಯೋವರೆಗಾದರೂ ಇರ್ತಾರೆ.

ಜಾಹೀರಾತಿನಿಂದ ನಿಜವಾಗಿ ಎಷ್ಟು ಜನ ಬಂದರು ಅನ್ನೋದು ಹೇಗೆ ಗೊತ್ತಾಗುತ್ತೆ? ಜಾಹೀರಾತು ಕಂಪನಿಯ ಪರದೆ ನಂಬಿ ಕೂರಬೇಡಿ. ಸ್ನೇಹಿತರ ಮಾತು ಕೇಳಿ ಆ್ಯಪ್ ಹುಡುಕಿದವರು ದಾರಿಯಲ್ಲಿ ಒಂದು ಜಾಹೀರಾತು ಒತ್ತಿದ್ರೂ ಅದು ತನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತೆ. ಒಂದು ತಾಲ್ಲೂಕಿನಲ್ಲಿ, ಸೋಮವಾರಪೇಟೆ ಅಂತ ಇಟ್ಟುಕೊಳ್ಳಿ, ನಾಲ್ಕು ವಾರ ಜಾಹೀರಾತು ಪೂರ್ತಿ ನಿಲ್ಲಿಸಿ. ವಿರಾಜಪೇಟೆಯಲ್ಲಿ ಹಾಗೇ ಮುಂದುವರಿಸಿ. ಎರಡೂ ಕಡೆ ಹಿಂದಿನ ನಾಲ್ಕು ವಾರಕ್ಕೆ ಹೋಲಿಸಿದ್ರೆ ದುಡ್ಡು ಕಟ್ಟಿದ ಹೊಸಬರು ಎಷ್ಟು ಏರುಪೇರಾದ್ರು ನೋಡಿ. ಡೌನ್‌ಲೋಡ್ ಎಣಿಸಬೇಡಿ, ಉಚಿತ ಟ್ರಯಲ್ ಎಣಿಸಬೇಡಿ, ಪೂರ್ತಿ ಬೆಲೆಯ ಮೊದಲ ಕಂತನ್ನೇ ಎಣಿಸಿ. ಕಾಫಿ ಹೂ ಅರಳಿಸೋ ಹೂಮಳೆ ಬರೋ ವಾರಗಳಲ್ಲಿ ಮತ್ತು ಕೊಯ್ಲಿನ ಮಧ್ಯೆ ಈ ಪರೀಕ್ಷೆ ಬೇಡ, ಎರಡು ತಾಲ್ಲೂಕಿನಲ್ಲಿ ಮಳೆ ಬೇರೆ ಬೇರೆ ದಿನ ಬಿದ್ದರೂ ಫಲಿತಾಂಶ ಕೆಡುತ್ತೆ.

ಕೊನೆಗೆ ಎಷ್ಟು ಖರ್ಚು ಮಾಡಬಹುದು? ಹೊರಗಿನ ಹೂಡಿಕೆ ಇಲ್ಲದವರು ಅಸಲು ಹುಟ್ಟೋಕೆ ಹನ್ನೆರಡು ತಿಂಗಳನ್ನು ಮಿತಿ ಅಂತ ಇಟ್ಟುಕೊಳ್ಳಲಿ, ಅದಕ್ಕಿಂತ ಉದ್ದಕ್ಕೆ ಹೋಗೋದು ಇನ್ನೊಬ್ಬರ ದುಡ್ಡಿದ್ದವರ ಕೆಲಸ. ನಮ್ಮ ಇಳಿಜಾರಿನಲ್ಲಿ 100 ಜನ ಹನ್ನೆರಡು ತಿಂಗಳಲ್ಲಿ ಕೊಡೋದು 605 ಕಂತು. ಅಂದ್ರೆ ಕೊನೆಯ ಒಬ್ಬರನ್ನು ತರೋಕೆ 726 ರೂಪಾಯಿಗಿಂತ ಹೆಚ್ಚು ಕೊಡಬಾರದು. ಈ ಆ್ಯಪ್ 3 ಲಕ್ಷದ ಬಜೆಟ್‌ನಲ್ಲೇ ತಲೆಗೆ 1,000 ಕೊಡ್ತಾ ಇದೆ, ಹಾಗಾಗಿ 6 ಲಕ್ಷದ ಮಾತು ಬಿಡಿ, 3 ಲಕ್ಷವೂ ಇಳೀಬೇಕು. ಕೊನೆಯ 25,000 ತಂದ ಹೊಸಬರಿಗೆ ತಗಲೋ ದರ 726ಕ್ಕೆ ಬರೋವರೆಗೆ 25,000, 25,000 ಕಡಿಮೆ ಮಾಡ್ತಾ ಹೋಗಿ.

ಉಳಿದ ದುಡ್ಡನ್ನು ಎರಡನೇ ತಿಂಗಳ ಮೇಲೆ ಹಾಕಿ. 100 ಇದ್ದದ್ದು 75 ಆಗೋ ಆ ಒಂದು ಮೆಟ್ಟಿಲನ್ನು 85ಕ್ಕೆ ತಂದು, ಮುಂದಿನ ತಿಂಗಳುಗಳೂ ಅದೇ ಪ್ರಮಾಣದಲ್ಲಿ ಏರಿದ್ರೆ, ಮಿತಿ 726ರಿಂದ 807ಕ್ಕೆ ಏರುತ್ತೆ. ಬಿಟ್ಟುಹೋದ 25 ಜನರಲ್ಲಿ ಎಲ್ಲರೂ ಬೇಡ ಅಂತ ಬಿಟ್ಟವರಲ್ಲ. ಯುಪಿಐ ಆಟೋಪೇ ಕಂತು ಹೊರಡೋ ದಿನ ಖಾತೆಯಲ್ಲಿ ದುಡ್ಡಿಲ್ಲದೆ ವಿಫಲವಾದವು ಅದರಲ್ಲಿ ಸೇರಿವೆ. ಕೊಯ್ಲಿನ ಕಾಲದಲ್ಲಿ ವಾರದ ಕೂಲಿ ಕೊಟ್ಟ ಮೇಲೆ ಬೆಳೆಗಾರರ ಖಾತೆ ಬರಿದಾಗಿರೋದು ಸಹಜ. ಆದ್ದರಿಂದ ಮೊದಲು ಬಿಟ್ಟವರ ಪಟ್ಟಿ ತೆಗೆದು, ತಾವೇ ರದ್ದು ಮಾಡಿದವರು ಒಂದು ಕಡೆ, ಕಂತು ವಿಫಲವಾದವರು ಇನ್ನೊಂದು ಕಡೆ ಅಂತ ಬೇರೆ ಮಾಡಿ. ಎರಡನೆಯವರಿಗೆ ಪ್ಲೇ ಕನ್ಸೋಲ್‌ನಲ್ಲಿ ಗ್ರೇಸ್ ಪೀರಿಯಡ್, ಅಂದ್ರೆ ದುಡ್ಡು ಕಟ್ಟೋಕೆ ಕೆಲವು ದಿನದ ಕಾಲಾವಕಾಶ, ಕೊಡಿ, ಕನ್ನಡದಲ್ಲಿ ಒಂದು ಮೆಸೇಜ್ ಕಳಿಸಿ, ಸಹಾಯವಾಣಿಯಿಂದ ಒಂದು ಸಲ ಫೋನ್ ಮಾಡಿಸಿ. ಒಂದು ಫೋನಿಗೆ ತಗಲೋ ಖರ್ಚನ್ನ, ಹೊಸಬರೊಬ್ಬರಿಗೆ ಈಗ ಕೊಡ್ತಾ ಇರೋ 1,000 ರೂಪಾಯಿ ಪಕ್ಕದಲ್ಲಿಟ್ಟು ನೋಡಿ.