ಸ್ಟೇಷನ್‌ನಿಂದ ಒಂದು ನಿಮಿಷ ದೂರ, ಐನೂರು ರೂಪಾಯಿ ಕಡಿಮೆ: ಈ ಉತ್ತರಕ್ಕೆ ಎಷ್ಟು ಮಾರ್ಕು?

ಎಲ್ಲರಿಗೂ ನಮಸ್ಕಾರ. ಭಾನುವಾರದ ಮೆಗಾ ಬ್ಲಾಕ್ ದಾಟಿಕೊಂಡು ಬಂದಿದ್ದೀರಿ, ಆದ್ದರಿಂದ ಪೀಠಿಕೆ ಬೇಡ, ನೇರ ಪೇಪರಿಗೇ ಹೋಗೋಣ. ಇಲ್ಲಿ ಕೂತವರಲ್ಲಿ ಹೆಚ್ಚಿನವರು ಹನ್ನೆರಡನೇ ಕಾಮರ್ಸ್‌ಗೋ ಬಿ.ಕಾಂ.ಗೋ ಪಾಠ ಹೇಳುವವರು, ಪೇಪರು ತಿದ್ದುವವರು. ರಿಗ್ರೆಶನ್ ಲೆಕ್ಕದಲ್ಲಿ ಮಕ್ಕಳು ಎಲ್ಲಿ ತಪ್ಪುತ್ತಾರೆ ಅಂತ ಕೇಳಿದರೆ ಕೂಡಿಸುವಾಗ, ವರ್ಗಮೂಲ ತೆಗೆಯುವಾಗ ಅಂತ ಹೇಳ್ತೀರಿ. ಅದು ನಿಜ, ಆದರೆ ಅದನ್ನು ಯಾರು ಬೇಕಾದರೂ ಹಿಡಿಯುತ್ತಾರೆ. ನಾನು ಇವತ್ತು ಹೇಳುವುದು ಲೆಕ್ಕವೆಲ್ಲ ಸರಿಯಿದ್ದು ಕೊನೆಯ ಒಂದು ವಾಕ್ಯ ತಪ್ಪಿರುವ ಪೇಪರಿನ ಬಗ್ಗೆ. ಅಂಥದಕ್ಕೆ ನಾವು ಸುಮ್ನೆ ಪೂರ್ತಿ ಮಾರ್ಕು ಹಾಕಿ ಮುಂದೆ ಹೋಗಿಬಿಡ್ತೇವೆ.

ಒಂದು ಪ್ರಶ್ನೆ ತಗೊಳ್ಳಿ. ಡೊಂಬಿವಲಿಯಲ್ಲಿ ಐದು ಬಾಡಿಗೆ ಮನೆಗಳು. x ಅಂದರೆ ಸ್ಟೇಷನ್‌ನಿಂದ ನಡೆಯಲು ಬೇಕಾಗುವ ನಿಮಿಷ, y ಅಂದರೆ ತಿಂಗಳ ಬಾಡಿಗೆ, ಸಾವಿರ ರೂಪಾಯಿಗಳಲ್ಲಿ. ಅಂಕಿಗಳು ಲೆಕ್ಕ ಸುಲಭವಾಗಲಿ ಅಂತ ನಾನೇ ಹಾಕಿದ್ದು, ಆಮೇಲೆ ಬಂದು ಆ ಬಾಡಿಗೆಗೆ ಮನೆ ಎಲ್ಲಿದೆ ಅಂತ ಕೇಳಬೇಡಿ.

```
x :  5  10  15  20  25
y : 21  20  19  13  12
```

x ನ ಸರಾಸರಿ 15, y ನ ಸರಾಸರಿ 17. ಸರಾಸರಿಯಿಂದ ಎಷ್ಟೆಷ್ಟು ದೂರ ಅಂತ ತೆಗೆದು, ಜೋಡಿ ಜೋಡಿಯಾಗಿ ಗುಣಿಸಿ ಕೂಡಿಸಿದರೆ -125 ಬರುತ್ತದೆ. x ಕಡೆಯ ವರ್ಗಗಳ ಮೊತ್ತ 250, y ಕಡೆಯದು 70. ಅಲ್ಲಿಗೆ byx = -125/250 = -0.5, ಗೆರೆ y = 24.5 - 0.5x, r ಸುಮಾರು -0.945. ಇಲ್ಲಿಯವರೆಗೆ ಜಗಳವಿಲ್ಲ.

ಈಗ ಕೊನೆಯ ಭಾಗ: "ಸ್ಲೋಪ್ ಮತ್ತು r ನ ಅರ್ಥ ಬರೆಯಿರಿ." ಹುಡುಗ ಬರೆಯುತ್ತಾನೆ: "ಸ್ಟೇಷನ್‌ನಿಂದ ಒಂದು ನಿಮಿಷ ದೂರವಾದರೆ ಬಾಡಿಗೆ 500 ರೂಪಾಯಿ ಇಳಿಯುತ್ತದೆ. r ಒಂದರ ಹತ್ತಿರ ಇರುವುದರಿಂದ ದೂರವೇ ಬಾಡಿಗೆ ಕಡಿಮೆಯಾಗಲು ಕಾರಣ ಎಂದು ಸಾಬೀತಾಗಿದೆ." ಓದಿದರೆ ಚೆನ್ನಾಗೇ ಇದೆ, ಅಲ್ವಾ? ಮುಂಬೈಯವರಿಗಂತೂ ಅನುಮಾನವೇ ಬರುವುದಿಲ್ಲ. ಸ್ಟೇಷನ್ ಹತ್ತಿರ ಇದ್ದರೆ ಬಾಡಿಗೆ ಜಾಸ್ತಿ ಅನ್ನುವುದು ನಮಗೆ ಮೊದಲೇ ಗೊತ್ತಿರುವ ಮಾತು. ತಿದ್ದುವವರು ಎಡವುವುದೂ ಇಲ್ಲೇ: ಉತ್ತರ ನಮ್ಮ ಅನುಭವಕ್ಕೆ ಹೊಂದಿದರೆ, ಅದು ಲೆಕ್ಕದಿಂದ ಬಂತೋ ಇಲ್ಲವೋ ನೋಡುವುದೇ ಇಲ್ಲ.

ಈಗ ಪ್ರಶ್ನೆಯಲ್ಲಿ ಇಲ್ಲದ ಒಂದು ವಿಷಯ ಹೇಳ್ತೇನೆ. ಮೊದಲ ಮೂರು ಮನೆಗಳು ಒನ್ ಬಿಎಚ್‌ಕೆ, ಕೊನೆಯ ಎರಡು ಒನ್ ಆರ್‌ಕೆ. ಮತ್ತೊಮ್ಮೆ ಅಂಕಿ ನೋಡಿ. 21, 20, 19: ಐದು ನಿಮಿಷಕ್ಕೆ ಒಂದು ಸಾವಿರ, ಅಂದರೆ ನಿಮಿಷಕ್ಕೆ 200 ರೂಪಾಯಿ. 13, 12: ಇಲ್ಲೂ ನಿಮಿಷಕ್ಕೆ 200. ಆದರೆ ಹದಿನೈದನೇ ನಿಮಿಷದಿಂದ ಇಪ್ಪತ್ತನೇ ನಿಮಿಷಕ್ಕೆ ಹೋಗುವಾಗ 19 ರಿಂದ 13 ಕ್ಕೆ ಧೊಪ್ ಅಂತ ಬೀಳುತ್ತದೆ. ಒಮ್ಮೆಗೇ ಆರು ಸಾವಿರ. ಅದೇ ಲೆಕ್ಕದಲ್ಲಿ ಐದು ನಿಮಿಷ ನಡೆದದ್ದಕ್ಕೆ ಹೋಗಬೇಕಾದದ್ದು ಒಂದು ಸಾವಿರ, ಉಳಿದ ಐದು ಸಾವಿರ ಹೋದದ್ದು ಒಂದು ರೂಮು ಕಡಿಮೆಯಾದದ್ದಕ್ಕೆ. ನಮ್ಮ ಗೆರೆಗೆ ರೂಮಿನ ವಿಷಯ ಗೊತ್ತೇ ಇಲ್ಲ. ಅದಕ್ಕೆ ಕೊಟ್ಟದ್ದು ನಿಮಿಷ ಮಾತ್ರ, ಹಾಗಾಗಿ ರೂಮಿನ ವ್ಯತ್ಯಾಸವನ್ನೂ ನಿಮಿಷದ ಖಾತೆಗೇ ಬರೆದು, ಎಲ್ಲ ಸೇರಿಸಿ ನಿಮಿಷಕ್ಕೆ 500 ಅಂತ ಹೇಳಿತು.

ಅಂದರೆ -0.5 ಸುಳ್ಳಾ? ಅಲ್ಲ. ಅದು ಬೇರೆ ಪ್ರಶ್ನೆಗೆ ಸರಿಯಾದ ಉತ್ತರ. ಈ ಐದು ಮನೆಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ, ಒಂದು ನಿಮಿಷ ಹೆಚ್ಚು ದೂರ ಇರುವ ಮನೆಯ ಬಾಡಿಗೆ ಸರಾಸರಿ 500 ರೂಪಾಯಿ ಕಡಿಮೆ ಇದೆ. ಇದು ಬೇರೆ ಬೇರೆ ಮನೆಗಳ ನಡುವಿನ ಹೋಲಿಕೆ. ಹುಡುಗ ಬರೆದದ್ದು ಒಂದೇ ಮನೆಯನ್ನು ಎತ್ತಿ ಒಂದು ನಿಮಿಷ ಆಚೆ ಇಟ್ಟರೆ ಏನಾಗುತ್ತದೆ ಅಂತ. ಅದಕ್ಕೆ ಈ ಲೆಕ್ಕದಲ್ಲಿ ಆಧಾರವೇ ಇಲ್ಲ. ಹಾಗಂತ 200 ಅನ್ನೋದೇ ದೂರದ ನಿಜವಾದ ಬೆಲೆ ಅಂತಲೂ ಹೇಳಬೇಡಿ. ಬಿಲ್ಡಿಂಗ್ ಎಷ್ಟು ಹಳೆಯದು, ಲಿಫ್ಟ್ ಇದೆಯೋ ಇಲ್ಲವೋ, ನೀರು ಎಷ್ಟು ಹೊತ್ತು ಬರುತ್ತದೆ, ಇವೆಲ್ಲ ಇನ್ನೂ ಹೊರಗೇ ನಿಂತಿವೆ. ಅದೂ ಅಲ್ಲದೆ ಇರುವುದು ಬರೀ ಐದು ಮನೆ.

ಕಾರಣದ ತಪ್ಪನ್ನು ಮಕ್ಕಳಿಗೆ ತೋರಿಸಿಕೊಡಲು ನನಗೆ ತುಂಬ ಇಷ್ಟವಾದ ದಾರಿ ಒಂದಿದೆ. ಎರಡನೇ ಗೆರೆ ತೆಗೆಸಿ. bxy = -125/70, ಸುಮಾರು -1.79. ಹುಡುಗನ ಭಾಷೆಯಲ್ಲೇ ಇದನ್ನು ಓದಿ: ಬಾಡಿಗೆ ಒಂದು ಸಾವಿರ ಏರಿದರೆ ಮನೆ 1.79 ನಿಮಿಷ ಸ್ಟೇಷನ್ ಹತ್ತಿರ ಬರುತ್ತದೆ. ಮಾಲೀಕ ಅಗ್ರಿಮೆಂಟ್ ರಿನ್ಯೂ ಮಾಡುವಾಗ ಬಾಡಿಗೆ ಏರಿಸಿದ ಅಂತ ಬಿಲ್ಡಿಂಗ್ ಎದ್ದು ರಾಮನಗರದ ಕಡೆ ನಡೆಯುತ್ತದೆಯೇ? ತರಗತಿ ನಗುತ್ತದೆ. ನಕ್ಕ ಮೇಲೆ ಕೇಳಿ, r ಎಷ್ಟು? ಅದೇ -0.945. x, y ಅದಲುಬದಲು ಮಾಡಿದರೂ r ಬದಲಾಗುವುದಿಲ್ಲ. ಆ ಕಡೆ ಕಾರಣವನ್ನು ಸಾಬೀತು ಮಾಡದ ಸಂಖ್ಯೆ ಈ ಕಡೆ ಮಾತ್ರ ಹೇಗೆ ಮಾಡುತ್ತದೆ? ಯಾವುದು ಯಾವುದಕ್ಕೆ ಕಾರಣ ಅನ್ನುವ ದಿಕ್ಕು r ಒಳಗೆ ಇಲ್ಲವೇ ಇಲ್ಲ. ಅದನ್ನು ನಾವು ಹೊರಗಿನಿಂದ ತಂದು ಹಾಕುತ್ತೇವೆ.

ಇನ್ನು ಸ್ಲೋಪ್ ಮತ್ತು r ಎರಡನ್ನೂ ಕಲಸಿಹಾಕುವ ಉತ್ತರಗಳು. "ಸ್ಲೋಪ್ ಬರೀ 0.5, ಆದ್ದರಿಂದ ಸಂಬಂಧ ಸಾಧಾರಣ" ಅಂತ ಒಬ್ಬಳು ಬರೆಯುತ್ತಾಳೆ. ಅವಳಿಗೆ ಬಾಡಿಗೆಯನ್ನು ಸಾವಿರದ ಬದಲು ರೂಪಾಯಿಯಲ್ಲೇ ಬರೆದು ಮತ್ತೆ ಲೆಕ್ಕ ಮಾಡಲು ಹೇಳಿ. ಸ್ಲೋಪ್ -500 ಆಗುತ್ತದೆ. ನಿಮಿಷವನ್ನು ಗಂಟೆ ಮಾಡಿ, ಬಾಡಿಗೆ ಸಾವಿರದಲ್ಲೇ ಇರಲಿ, -30 ಆಗುತ್ತದೆ. ಮನೆಗಳು ಅವೇ, ಬಾಡಿಗೆ ಅದೇ, r ಮಾತ್ರ ಮೂರು ಸಲವೂ -0.945. ಅಳತೆಯ ಘಟಕ ಬದಲಾದರೆ ಸ್ಲೋಪ್ ಬದಲಾಗುತ್ತದೆ, ಅದಕ್ಕೇ ಸ್ಲೋಪ್‌ನ ಗಾತ್ರ ನೋಡಿ ಸಂಬಂಧ ಗಟ್ಟಿಯೋ ಸಡಿಲವೋ ಹೇಳಲು ಬರುವುದಿಲ್ಲ. ಘಟಕವಿಲ್ಲದೆ ಸ್ಲೋಪ್‌ನ ಅರ್ಥ ಬರೆದ ಉತ್ತರಕ್ಕೆ ನಾನು ಅರ್ಧ ಮಾರ್ಕು ಕಡಿಯುತ್ತೇನೆ, ಈ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. 0.5 ಕಂಡ ತಕ್ಷಣ "ಬಾಡಿಗೆ 50 ಪೈಸೆ ಕಡಿಮೆ" ಅಂತಲೋ "ಶೇಕಡಾ 50 ಕಡಿಮೆ" ಅಂತಲೋ ಬರೆಯುವವರು ತಪ್ಪುವುದೂ ಇದೇ ಜಾಗದಲ್ಲಿ. "ಶೇಕಡಾ 94.5 ಮನೆಗಳಲ್ಲಿ ಹೀಗಿದೆ" ಅಂತ r ಓದಿದರೆ ಅದಂತೂ ಪೂರಾ ತಪ್ಪು. ಶೇಕಡಾವಾರು ಬೇಕೇ ಬೇಕು ಅಂದರೆ r ನ ವರ್ಗ ತಗೊಳ್ಳಲಿ, ಸುಮಾರು 0.89. ಬಾಡಿಗೆಗಳ ಏರಿಳಿತದಲ್ಲಿ ಶೇಕಡಾ 89 ರಷ್ಟು ಈ ಗೆರೆಗೆ ಸಿಕ್ಕುತ್ತದೆ ಅಂತ ಅದರ ಅರ್ಥ. ಇಲ್ಲೂ "ದೂರದ ಕಾರಣದಿಂದ" ಅಂತ ಸೇರಿಸಿದರೆ ಮತ್ತೆ ಹಳೆಯ ತಪ್ಪಿಗೇ ಬಂದ ಹಾಗೆ.

ಗೆರೆಯನ್ನು ಎಲ್ಲಿಯವರೆಗೆ ನಂಬಬಹುದು ಅನ್ನುವುದಕ್ಕೆ ಜಾಸ್ತಿ ಹೇಳಬೇಕಿಲ್ಲ. ಒಂದು ಗಂಟೆ ದೂರದ ಮನೆಗೆ ಬಾಡಿಗೆ ಎಷ್ಟು ಅಂತ x = 60 ಹಾಕಿದರೆ -5.5 ಬರುತ್ತದೆ, ಅಂದರೆ ಮಾಲೀಕನೇ ನಮಗೆ ತಿಂಗಳಿಗೆ ಐದೂವರೆ ಸಾವಿರ ಕೊಡಬೇಕು. ಯಾರಿಗಾದರೂ ಅಂಥ ಮನೆ ಸಿಕ್ಕರೆ ನನಗೂ ಹೇಳಿ. 24.5 ಅನ್ನು "ಸ್ಟೇಷನ್ ಪಕ್ಕದ ಮನೆಯ ಬಾಡಿಗೆ" ಅನ್ನುವವರಿಗೂ ಇದೇ ಮಾತು, ನಮ್ಮ ಹತ್ತಿರ ಇರುವುದು ಐದರಿಂದ ಇಪ್ಪತ್ತೈದು ನಿಮಿಷದ ಮನೆಗಳು ಮಾತ್ರ.

ಈಗ ಮಾರ್ಕಿನ ವಿಷಯ. ಲೆಕ್ಕಕ್ಕೆ ನಾಲ್ಕು, ಅರ್ಥಕ್ಕೆ ಎರಡು ಇದೆ ಅಂತ ಇಟ್ಟುಕೊಳ್ಳಿ. ನಾನು ಮೊದಲು ಓದುವುದು ಕೊನೆಯ ವಾಕ್ಯವನ್ನು, ಮೇಲಿನ ಲೆಕ್ಕವನ್ನು ಕೈಯಿಂದ ಮುಚ್ಚಿಕೊಂಡು. ಲೆಕ್ಕ ಚೊಕ್ಕವಾಗಿ ಕಂಡರೆ ನಮ್ಮ ಮನಸ್ಸು ಮೆತ್ತಗಾಗುತ್ತದೆ, ವಾಕ್ಯವನ್ನು ನಾವೇ ಸರಿಮಾಡಿ ಓದಿಕೊಳ್ಳುತ್ತೇವೆ. ವಾಕ್ಯದಲ್ಲಿ ಘಟಕ ಇದೆಯೇ, "ಸರಾಸರಿ" ಇದೆಯೇ, ಮನೆಗಳನ್ನು ಹೋಲಿಸಿದ್ದಾನೋ ಅಥವಾ ಒಂದೇ ಮನೆಯನ್ನು ಓಡಾಡಿಸಿದ್ದಾನೋ, ಇಷ್ಟು ನೋಡುತ್ತೇನೆ. "ಸಾಬೀತಾಗಿದೆ" ಅಂತ ಬರೆದರೆ ಎರಡರಲ್ಲಿ ಒಂದು ಹೋಯಿತು. ಲೆಕ್ಕದ ನಾಲ್ಕನ್ನು ಮುಟ್ಟುವುದಿಲ್ಲ.

ಆದರೆ ಇದರ ಇನ್ನೊಂದು ತುದಿಯೂ ಇದೆ, ಈಚೆಗೆ ಅದೇ ನನಗೆ ಜಾಸ್ತಿ ಕಿರಿಕಿರಿ. ಕ್ಲಾಸಿನಲ್ಲಿ ಯಾರೋ ಹೇಳಿಕೊಟ್ಟಿರುತ್ತಾರೆ, ಎಲ್ಲ ಉತ್ತರದ ಕೊನೆಗೆ "ಕೋರಿಲೇಶನ್ ಇದ್ದ ಮಾತ್ರಕ್ಕೆ ಕಾರಣ ಅಲ್ಲ" ಅಂತ ಬರೆದುಬಿಡಿ, ಮಾರ್ಕು ಗ್ಯಾರಂಟಿ. ಮಕ್ಕಳು ಮಂತ್ರದ ಹಾಗೆ ಬರೆಯುತ್ತಾರೆ. ಅದಕ್ಕೆ ನಾನು ಪೂರ್ತಿ ಕೊಡುವುದಿಲ್ಲ. ಬೇರೆ ಏನು ಕಾರಣ ಇರಬಹುದು ಅಂತ ಒಂದನ್ನಾದರೂ ಹೆಸರಿಸಲಿ, ಅದು ದೂರಕ್ಕೂ ಬಾಡಿಗೆಗೂ ಎರಡಕ್ಕೂ ಅಂಟಿಕೊಂಡಿರಬೇಕು. ಮನೆಯ ಸೈಜು ಅಂಥದು: ದೂರದ ಮನೆಗಳೇ ಚಿಕ್ಕವು, ಚಿಕ್ಕ ಮನೆಗೇ ಬಾಡಿಗೆ ಕಡಿಮೆ. "ಗೋಡೆಯ ಬಣ್ಣ ಕಾರಣವಿರಬಹುದು" ಅಂತ ಬರೆದರೆ, ಬಣ್ಣಕ್ಕೂ ದೂರಕ್ಕೂ ಏನು ಸಂಬಂಧ ಅಂತ ಪೇಪರಿನ ಬದಿಯಲ್ಲಿ ಒಂದು ಪ್ರಶ್ನೆ ಹಾಕಿ.

ಇನ್ನೂ ಒಂದು ಸಂದರ್ಭದಲ್ಲಿ ಆ ಮಂತ್ರವೇ ತಪ್ಪಾಗುತ್ತದೆ. ಪ್ರಶ್ನೆಯಲ್ಲಿ ಹೀಗಿರುತ್ತದೆ: ಹೊಲವನ್ನು ಸಮ ತುಂಡುಗಳಾಗಿ ಮಾಡಿ, ಯಾವ ತುಂಡಿಗೆ ಎಷ್ಟು ಕಿಲೋ ಗೊಬ್ಬರ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ, ಆಮೇಲೆ ಬೆಳೆ ತೂಗಿದರು. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಹೊಲದ ಪ್ರಯೋಗಗಳಿಗೆ ಕಟ್ಟಿಕೊಟ್ಟ ಕ್ರಮ ಇದು. ಚೀಟಿ ಎತ್ತಿದ್ದರಿಂದ ಒಳ್ಳೆಯ ಮಣ್ಣಿಗೇ ಜಾಸ್ತಿ ಗೊಬ್ಬರ ಬೀಳುವ ಪಕ್ಷಪಾತ ತಪ್ಪುತ್ತದೆ. ಆಕಸ್ಮಿಕವಾಗಿ ಹಾಗೆ ಬೀಳಬಹುದು, ತುಂಡುಗಳು ಹೆಚ್ಚಿದಷ್ಟೂ ಆ ಸಾಧ್ಯತೆ ಕಡಿಮೆ. ಇಂಥ ಪ್ರಶ್ನೆಯಲ್ಲಿ ತುಂಡುಗಳು ಸಾಕಷ್ಟಿದ್ದು, ಹುಡುಗ "ಒಂದು ಕಿಲೋ ಗೊಬ್ಬರ ಹೆಚ್ಚು ಹಾಕಿದರೆ ಬೆಳೆ ಸರಾಸರಿ ಇಷ್ಟು ಹೆಚ್ಚುತ್ತದೆ" ಅಂತ ಬರೆದರೆ ಅದು ಸರಿ, ಪೂರ್ತಿ ಮಾರ್ಕು ಕೊಡಿ. ಅದಕ್ಕೇ ಅರ್ಥದ ಭಾಗ ತಿದ್ದುವ ಮೊದಲು ಪ್ರಶ್ನೆಯ ಮೊದಲ ಎರಡು ಸಾಲು ಓದಿ, ಅಂಕಿಗಳು ಸುಮ್ನೆ ಸಿಕ್ಕವೋ, ಚೀಟಿ ಎತ್ತಿ ಹಂಚಿದ್ದೋ ನೋಡಿಕೊಳ್ಳಿ. ಬಾಡಿಗೆ ಪ್ರಶ್ನೆಯಲ್ಲಿ ಯಾರೂ ಚೀಟಿ ಎತ್ತಿರಲಿಲ್ಲ.

ನನ್ನ ಮಾತು ಇಷ್ಟೇ. ನೀವು ತಂದ ಪೇಪರುಗಳಿದ್ದರೆ ಈಗ ತೆಗೆಯಿರಿ, ಒಂದೊಂದಾಗಿ ನೋಡೋಣ.